‘ನ್ಯಾಚುರಲ್’ ಬೇರೆ, ‘ಚರ್ಮಕ್ಕೆ ಆಗುತ್ತದೆ’ ಬೇರೆ: ಉಡುಪಿಯ ಒಂದು ದಿನಸಿ ಅಂಗಡಿಯ ಹೋಳಿ ಬೋರ್ಡ್

ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ರಸ್ತೆಯಲ್ಲಿ ಒಂದು ದಿನಸಿ ಅಂಗಡಿ ಇದೆ. ತುಂಬ ದೊಡ್ಡದೇನಲ್ಲ. ನಾನು ಅಂಥ ಅಂಗಡಿಗಳಿಗೆ ಬೋರ್ಡ್, ಆಫರ್ ಚೀಟಿ, ವಾಟ್ಸಾಪ್ ಮೆಸೇಜು ಬರೆದುಕೊಡುತ್ತೇನೆ. 2025ರ ಹೋಳಿ ಮಾರ್ಚ್ 14ಕ್ಕೆ, ಶುಕ್ರವಾರ ಬಂದಿತ್ತು. ಫೆಬ್ರವರಿ ಕೊನೆಯಲ್ಲಿ ಅಂಗಡಿಯ ಧಣಿಗಳು ಫೋನ್ ಮಾಡಿ, “ಈ ಸಲ ಬಣ್ಣ ಮತ್ತು ಸ್ವೀಟ್ ಒಟ್ಟಿಗೆ ಮಾರುವ ಅಂತ ಉಂಟು, ಒಂದು ಒಳ್ಳೆಯ ಬೋರ್ಡ್ ಬರೆದು ಕೊಡಿ ಮಾರಾಯ್ರೇ” ಅಂದರು. ಒಂದು ಗಂಟೆಯ ಕೆಲಸ ಅಂದುಕೊಂಡು ಹೋದೆ. ಹತ್ತು ದಿನ ಹಿಡಿಯಿತು. ಬೋರ್ಡಿನ ಒಂದೊಂದು ಪದಕ್ಕೂ ನಮ್ಮ ಕೈಯಲ್ಲಿ ಆಧಾರ ಇದೆಯಾ ಅಂತ ನೋಡಿದ್ದಕ್ಕೇ ಅಷ್ಟು ದಿನ ಬೇಕಾಯಿತು.

ಮೊದಲು ಊರಿನ ಹಿನ್ನೆಲೆ ಸ್ವಲ್ಪ ಹೇಳುತ್ತೇನೆ. ಕರಾವಳಿಯಲ್ಲಿ ಹೋಳಿ ಎಲ್ಲ ಮನೆಯ ಹಬ್ಬ ಅಲ್ಲ. ಬ್ರಹ್ಮಾವರ, ಕುಂದಾಪುರ ಕಡೆ ಕುಡುಬಿಯವರಿಗೆ ಅದು ದೊಡ್ಡ ಹಬ್ಬ, ಗುಮಟೆ ವಾದ್ಯ ಹಿಡಿದು ಮನೆಮನೆಗೆ ಹೋಗಿ ಕುಣಿಯುತ್ತಾರೆ. ಕೊಂಕಣಿಯವರಲ್ಲಿ ಆಚರಣೆ ಇದೆ. ಆದರೆ ಬಣ್ಣದ ಪ್ಯಾಕೆಟ್ ಕೊಳ್ಳುವವರಲ್ಲಿ ಜಾಸ್ತಿ ಜನ ಮಣಿಪಾಲದ ವಿದ್ಯಾರ್ಥಿಗಳು, ಉತ್ತರ ಭಾರತದಿಂದ ಬಂದು ಇಲ್ಲಿ ಕೆಲಸಕ್ಕಿರುವವರು, ಬಾಗಲಕೋಟೆ, ಗದಗ ಕಡೆಯ ಮನೆಗಳವರು. ಇತ್ತೀಚೆಗೆ ಅಪಾರ್ಟ್‌ಮೆಂಟ್‌ಗಳಲ್ಲಿ ಮಕ್ಕಳಿಗಾಗಿ ಆಡುವವರೂ ಸೇರಿದ್ದಾರೆ. ಈ ಕೊನೆಯವರೇ “ಚರ್ಮಕ್ಕೆ ಏನಾದರೂ ಆಗುತ್ತದಾ?” ಅಂತ ಕೇಳುವವರು. ಬೋರ್ಡ್ ಓದಿ, ಅದನ್ನು ನಂಬಿ, ಮಗುವಿನ ಮುಖಕ್ಕೆ ಹಚ್ಚುವವರೂ ಅವರೇ.

ಮೊದಲ ಬೋರ್ಡು

ಧಣಿಗಳು ಮನಸ್ಸಿನಲ್ಲೇ ಒಂದು ಬೋರ್ಡ್ ಬರೆದಿಟ್ಟಿದ್ದರು. ಹೀಗಿತ್ತು:

“ಹೋಳಿ ಧಮಾಕಾ! 100% ನ್ಯಾಚುರಲ್ ಬಣ್ಣ! ಕೆಮಿಕಲ್ ಇಲ್ಲವೇ ಇಲ್ಲ! ಮಕ್ಕಳ ಚರ್ಮಕ್ಕೆ ಸಂಪೂರ್ಣ ಸುರಕ್ಷಿತ! ಜೊತೆಗೆ ಶುದ್ಧ ತುಪ್ಪದ ಗುಜಿಯಾ!”

ಅವರು ಸುಳ್ಳು ಹೇಳಬೇಕು ಅಂತ ಬರೆದದ್ದಲ್ಲ. ಹೋಲ್‌ಸೇಲ್‌ನವರು ಕಳಿಸಿದ ಪ್ಯಾಕೆಟ್ ಮೇಲೆ ದಪ್ಪ ಅಕ್ಷರದಲ್ಲಿ ಹರ್ಬಲ್ ಗುಲಾಲ್, ನೂರಕ್ಕೆ ನೂರು ನ್ಯಾಚುರಲ್, ಸ್ಕಿನ್ ಫ್ರೆಂಡ್ಲಿ ಅಂತಲೇ ಇತ್ತು. ಒಂದು ಎಲೆಯ ಚಿತ್ರ, ಒಂದು ನಗುವ ಮಗುವಿನ ಚಿತ್ರ. ಪ್ಯಾಕೆಟ್ಟಿನಲ್ಲಿದ್ದದ್ದೇ ಬೋರ್ಡಿಗೆ ಬಂದಿತ್ತು.

ನಾನು ಪ್ಯಾಕೆಟ್ ತಿರುಗಿಸಿ ಹಿಂಬದಿ ಓದಿದೆ. ಸಣ್ಣ ಅಕ್ಷರದಲ್ಲಿ ಮೂರು ಸಂಗತಿ ಇತ್ತು: ಮೆಕ್ಕೆಜೋಳದ ಪಿಷ್ಟ, ಪರ್ಮಿಟೆಡ್ ಕಲರ್, ಸುಗಂಧ. ಪಿಷ್ಟ ಅಂದರೆ ಅಡುಗೆಮನೆಯ ಕಾರ್ನ್‌ಫ್ಲೋರ್, ಅದು ಸಸ್ಯದ್ದೇ. ಆದರೆ ‘ಪರ್ಮಿಟೆಡ್ ಕಲರ್’ ಅಂದರೆ ಸಾಮಾನ್ಯವಾಗಿ ಕಾರ್ಖಾನೆಯಲ್ಲಿ ತಯಾರಾದ ಬಣ್ಣ. ತೂಕದಲ್ಲಿ ನೋಡಿದರೆ ಪ್ಯಾಕೆಟ್ಟಿನ ಬಹುಪಾಲು ಸಸ್ಯದಿಂದ ಬಂದದ್ದು ನಿಜ. ಆದರೆ ಗಿರಾಕಿ ಕೇಳುವುದು ಪಿಷ್ಟದ ಬಗ್ಗೆ ಅಲ್ಲ, ಬಣ್ಣದ ಬಗ್ಗೆ. ‘ನ್ಯಾಚುರಲ್ ಬಣ್ಣ’ ಅಂತ ಓದಿದವರು ಅರಿಶಿನವನ್ನೋ ಬೀಟ್‌ರೂಟನ್ನೋ ನೆನಸಿಕೊಳ್ಳುತ್ತಾರೆ. ಪ್ಯಾಕೆಟ್ ಒಳಗೆ ಅದು ಇರಲಿಲ್ಲ.

ಒಟ್ಟು ಹತ್ತು ಪೆಟ್ಟಿಗೆ ಬಂದಿತ್ತು, ಪೆಟ್ಟಿಗೆಗೆ 24ರಂತೆ 240 ಪ್ಯಾಕೆಟ್, ಒಂದೊಂದು ನೂರು ಗ್ರಾಮಿನದ್ದು. ನಾಲ್ಕು ಪೆಟ್ಟಿಗೆಯ ಪ್ಯಾಕೆಟ್‌ಗಳಲ್ಲಿ ತಯಾರಕರ ವಿಳಾಸವೂ ಇಲ್ಲ, ಬ್ಯಾಚ್ ನಂಬರೂ ಇಲ್ಲ. ಬರೀ ಬ್ರಾಂಡಿನ ಹೆಸರು, ಎಲೆಯ ಚಿತ್ರ. ನಾಳೆ ಏನಾದರೂ ಆದರೆ ಯಾರನ್ನು ಕೇಳುವುದು?

ಸುಣ್ಣದ ಡಬ್ಬಿ, ನೋಟು ನೋಡುವ ದೀಪ

“ನ್ಯಾಚುರಲ್ ಅಲ್ಲ ಅಂತ ಹೇಗೆ ಹೇಳ್ತೀರಿ? ಪರ್ಮಿಟೆಡ್ ಅಂದರೆ ಅರಿಶಿನ ಕೂಡ ಇರಬಹುದಲ್ಲ?” ಅಂತ ಧಣಿಗಳು ಕೇಳಿದರು. ನ್ಯಾಯವಾದ ಪ್ರಶ್ನೆ. ಅಂಗಡಿಯಲ್ಲೇ ಇದ್ದ ಸಾಮಾನು ಇಟ್ಟುಕೊಂಡು ಮೂರು ಪರೀಕ್ಷೆ ಮಾಡಿದೆವು. ಯಾರು ಬೇಕಾದರೂ ಮಾಡಬಹುದು, ಹಾಗಾಗಿ ವಿವರವಾಗಿ ಬರೆಯುತ್ತೇನೆ.

ಮೊದಲು ನೀರು. ಗಾಜಿನ ಲೋಟದಲ್ಲಿ ತಣ್ಣೀರು ತುಂಬಿ ಒಂದು ಚಿಟಿಕೆ ಹುಡಿ ಹಾಕಿ, ಕದಡಿ, ಅರ್ಧ ಗಂಟೆ ಬಿಟ್ಟೆವು. ಪಿಷ್ಟ ತಣ್ಣೀರಿನಲ್ಲಿ ಕರಗುವುದಿಲ್ಲ, ತಳಕ್ಕೆ ಇಳಿಯುತ್ತದೆ. ಗುಲಾಬಿ ಗುಲಾಲಿನಲ್ಲಿ ನೀರು ಪೂರ್ತಿ ಗಾಢ ಗುಲಾಬಿಯಾಯಿತು, ತಳದ ಪಿಷ್ಟ ಹೆಚ್ಚುಕಡಿಮೆ ಬೆಳ್ಳಗಾಯಿತು. ಅಂದರೆ ನೀರಿನಲ್ಲಿ ಸುಲಭವಾಗಿ ಕರಗುವ ಬಣ್ಣವನ್ನು ಪಿಷ್ಟಕ್ಕೆ ಹತ್ತಿಸಿದ್ದಾರೆ. ಅರಿಶಿನ ಹಾಗಲ್ಲ, ಅದರ ಬಣ್ಣ ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ, ಹುಡಿಯ ಜೊತೆಗೇ ಹಳದಿಯಾಗಿ ಕೂರುತ್ತದೆ. ಆದರೆ ಬೀಟ್‌ರೂಟ್ ಬಣ್ಣವೂ ನೀರಿನಲ್ಲಿ ಕರಗುತ್ತದೆ, ಹಾಗಾಗಿ ಇದೊಂದರಿಂದಲೇ ತೀರ್ಮಾನ ಮಾಡಬಾರದು.

ಎರಡನೆಯದು ಸುಣ್ಣ. ವೀಳ್ಯಕ್ಕೆ ಮಾರುವ ಸುಣ್ಣದ ಡಬ್ಬಿ ಕೌಂಟರಿನಲ್ಲೇ ಇತ್ತು. ಒದ್ದೆ ಹುಡಿಗೆ ಒಂದು ಸಾಸಿವೆಯಷ್ಟು ಸುಣ್ಣ ತಾಗಿಸಿದರೆ ಅರಿಶಿನ ತಕ್ಷಣ ಕೆಂಪಾಗುತ್ತದೆ. ಇದು ನಮಗೆ ಹೊಸತೇನಲ್ಲ ಅಲ್ವಾ, ಆರತಿಯ ಕೆಂಪು ನೀರು, ಓಕುಳಿ ಎರಡೂ ಹೀಗೆ ಅರಿಶಿನಕ್ಕೆ ಸುಣ್ಣ ಬೆರೆಸಿ ಮಾಡುವುದೇ. ಬೀಟ್‌ರೂಟಿನ ಗುಲಾಬಿ ಸುಣ್ಣ ತಾಗಿದರೆ ಹಳದಿಯ ಕಡೆಗೆ ತಿರುಗುತ್ತದೆ. ಪ್ಯಾಕೆಟ್ಟಿನ ಹಳದಿ ಹಳದಿಯಾಗೇ ಉಳಿಯಿತು, ಗುಲಾಬಿ ಗುಲಾಬಿಯಾಗೇ ಉಳಿಯಿತು. ಹಳದಿ ಅರಿಶಿನದ್ದಲ್ಲ, ಗುಲಾಬಿ ಬೀಟ್‌ರೂಟಿನದ್ದಲ್ಲ ಅನ್ನುವುದು ಅಲ್ಲಿಗೆ ಸ್ಪಷ್ಟವಾಯಿತು.

ಮೂರನೆಯದು ನೋಟು ನೋಡುವ ನೀಲಿ ದೀಪ. ಬಾಗಿಲು ಅರ್ಧ ಹಾಕಿ ಗುಲಾಬಿ ಹುಡಿಯ ಮೇಲೆ ಹಿಡಿದರೆ ಅದು ಕಿತ್ತಳೆ ಬಣ್ಣದಲ್ಲಿ ಹೊಳೆಯಿತು. ಕೌಂಟರಿನಲ್ಲಿದ್ದ ಅಕ್ಕ ನೋಡಿ, “ಇದು ಬೊಂಬಾಯಿ ಮಿಠಾಯಿಯಲ್ಲಿ ಬ್ಯಾನ್ ಮಾಡಿದ್ದಲ್ವಾ?” ಅಂತ ಕೇಳಿದರು. 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಕಾಟನ್ ಕ್ಯಾಂಡಿ ಮತ್ತು ಗೋಬಿ ಮಂಚೂರಿಗೆ ಹಾಕುತ್ತಿದ್ದ ರೋಡಮೈನ್-ಬಿ ಬಗ್ಗೆ ಕ್ರಮ ತೆಗೆದುಕೊಂಡದ್ದು ಎಲ್ಲರಿಗೂ ನೆನಪಿತ್ತು. ಅದು ಬಟ್ಟೆಗೆ ಹಾಕುವ ಬಣ್ಣ, ಆ ದೀಪಕ್ಕೆ ಕಿತ್ತಳೆಯಾಗಿ ಹೊಳೆಯುವುದೂ ನಿಜ. ಆದರೆ ಹೊಳೆಯುವ ಬಣ್ಣಗಳು ಇನ್ನೂ ಎಷ್ಟೋ ಇವೆ. ಅರಿಶಿನವೂ ಅದೇ ದೀಪಕ್ಕೆ ಹಸಿರು ಮಿಶ್ರಿತ ಹಳದಿಯಾಗಿ ಹೊಳೆಯುತ್ತದೆ. ಹಾಗಾಗಿ ‘ಇದು ಅದೇ’ ಅಂತ ಹೇಳಲು ನಮಗೆ ಹಕ್ಕಿರಲಿಲ್ಲ. ‘ಇದನ್ನು ನ್ಯಾಚುರಲ್ ಅಂತ ಬರೆಯುವುದು ಬೇಡ’ ಅನ್ನುವುದಕ್ಕೆ ಮಾತ್ರ ಇಷ್ಟು ಸಾಕಾಗಿತ್ತು.

ಒಂದು ಮಾತು ಇಲ್ಲಿ ಗಟ್ಟಿಯಾಗಿ ಹೇಳಬೇಕು. ಈ ಮೂರೂ ಪರೀಕ್ಷೆ ಹೇಳುವುದು ಬಣ್ಣ ಎಲ್ಲಿಂದ ಬಂತು ಅನ್ನುವುದನ್ನು, ಅದೂ ಸ್ವಲ್ಪ ಮಟ್ಟಿಗೆ. ಚರ್ಮಕ್ಕೆ ಏನು ಮಾಡುತ್ತದೆ ಅಂತ ಒಂದೂ ಹೇಳುವುದಿಲ್ಲ. ಸೀಸ ಇದೆಯಾ, ಆರ್ಸೆನಿಕ್ ಇದೆಯಾ ಅಂತ ಅಂಗಡಿಯ ಲೋಟದಲ್ಲಿ ಕಾಣುವುದಿಲ್ಲ.

ವಾಟ್ಸಾಪಿನಲ್ಲಿ ಬಂದ ಲ್ಯಾಬ್ ರಿಪೋರ್ಟು

ಹೋಲ್‌ಸೇಲ್‌ನವರಿಗೆ ಫೋನ್ ಮಾಡಿದಾಗ ಅವರು ಬೇಜಾರೇನೂ ಮಾಡಲಿಲ್ಲ. “ಲ್ಯಾಬ್ ಟೆಸ್ಟ್ ಆದದ್ದೇ ಧಣಿಗಳೇ, ರಿಪೋರ್ಟ್ ಕಳಿಸ್ತೇನೆ” ಅಂತ ಹೇಳಿ ಒಂದು ಫೋಟೋ ಕಳಿಸಿದರು. ಧಣಿಗಳ ಮುಖ ಅರಳಿತು. ನಾವಿಬ್ಬರೂ ಕೂತು ಅದನ್ನು ಸಾಲು ಸಾಲಾಗಿ ಓದಿದೆವು.

ರಿಪೋರ್ಟಿನಲ್ಲಿದ್ದ ವಸ್ತುವಿನ ಹೆಸರು ನಮ್ಮ ಪ್ಯಾಕೆಟ್ಟಿನದ್ದಲ್ಲ. ತಾರೀಕು ಎರಡು ವರ್ಷ ಹಳೆಯದು. ಬ್ಯಾಚ್ ನಂಬರಿನ ಜಾಗ ಖಾಲಿ. ಸ್ಯಾಂಪಲ್ ಯಾರು ಕೊಟ್ಟರು ಅನ್ನುವಲ್ಲಿ ‘ಗ್ರಾಹಕರೇ ತಂದುಕೊಟ್ಟದ್ದು’ ಅಂತ ಇತ್ತು. ಅಂದರೆ ಲ್ಯಾಬಿನವರು ಮಾರುಕಟ್ಟೆಯಿಂದ ಆರಿಸಿ ತಂದದ್ದಲ್ಲ. ಕೆಳಗೆ, ಬಹುತೇಕ ಎಲ್ಲ ಲ್ಯಾಬಿನವರೂ ಬರೆಯುವ ಆ ಸಾಲು: ಈ ಫಲಿತಾಂಶ ಪರೀಕ್ಷಿಸಿದ ಸ್ಯಾಂಪಲಿಗೆ ಮಾತ್ರ ಅನ್ವಯ. ನೋಡಿದ್ದು ಸೀಸ ಮತ್ತು ಆರ್ಸೆನಿಕ್ ಮಾತ್ರ. ಎರಡೂ ಕಡಿಮೆಯೇ ಇತ್ತು, ಅದು ಒಳ್ಳೆಯ ಸುದ್ದಿಯೇ. ನಮ್ಮಲ್ಲಿ ಸೌಂದರ್ಯ ಸಾಮಗ್ರಿಗೆ ಹಾಕುವ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 20 ಪಾಲು, ಆರ್ಸೆನಿಕ್ 2 ಪಾಲು ಮೀರಬಾರದು ಅಂತ ಮಿತಿ ಇದೆ, ಅದರೊಳಗೇ ಇತ್ತು. ಆದರೆ ಇದು ನಮ್ಮ ಪೆಟ್ಟಿಗೆಯ ಬಗ್ಗೆ ಏನೂ ಹೇಳುವುದಿಲ್ಲ. ಚರ್ಮದ ಬಗ್ಗೆಯಂತೂ ಒಂದು ಅಕ್ಷರ ಇಲ್ಲ. ಸೀಸ ಇಲ್ಲದ ಬಣ್ಣದಿಂದಲೂ ತುರಿಕೆ ಬರಬಹುದು, ಸುಗಂಧದಿಂದ ಬರಬಹುದು.

ನಮ್ಮ ಬ್ಯಾಚಿನ ರಿಪೋರ್ಟ್ ಕೇಳಿದೆವು. ಇಲ್ಲ ಅಂದರು. ವಿಳಾಸ ಇಲ್ಲದ ನಾಲ್ಕು ಪೆಟ್ಟಿಗೆ, 96 ಪ್ಯಾಕೆಟ್, ವಾಪಸ್ ಕಳಿಸಿದೆವು. ಉಳಿದ 144 ಇಟ್ಟುಕೊಂಡೆವು. ಕೃತಕ ಬಣ್ಣ ಮಾರುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಏನಿದೆ ಅಂತ ಹೇಳಿ ಮಾರಿದರೆ ಕೊಳ್ಳುವವರು ತಾವೇ ನಿರ್ಧಾರ ಮಾಡುತ್ತಾರೆ.

ಇನ್ನೊಂದು ವಾದವೂ ಬಂತು. “ಹಾಗಾದರೆ ಫುಡ್ ಗ್ರೇಡ್ ಅಂತ ಬರೆಯುವ, ತಿನ್ನುವ ಬಣ್ಣವೇ ಆದರೆ ಚರ್ಮಕ್ಕೆ ಎಂತ ಆಗ್ತದೆ?” ಕೇಳಲು ಸರಿ ಅನಿಸುತ್ತದೆ. ಆದರೆ ತಿಂಡಿಗೆ ಹಾಕಬಹುದಾದ ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೊ ಇವೆಲ್ಲ ಕಾರ್ಖಾನೆಯ ಬಣ್ಣಗಳೇ. ಸ್ವೀಟಿನಲ್ಲಿ ಅವಕ್ಕೆ ಕಿಲೋಗೆ 100 ಮಿಲಿಗ್ರಾಮಿನ ಮಿತಿ ಇದೆ. ತಿನ್ನಲು ಇಷ್ಟು ಸಾಕು ಅಂತ ಒಪ್ಪಿದ್ದಾರೆ ಅಂದರೆ, ಬೆವರಿದ ಚರ್ಮಕ್ಕೆ ಮುಷ್ಟಿಗಟ್ಟಲೆ ತಿಕ್ಕಿ ಬಿಸಿಲಲ್ಲಿ ಮೂರು ಗಂಟೆ ನಿಲ್ಲಬಹುದು ಅಂತ ಯಾರೂ ಪರೀಕ್ಷೆ ಮಾಡಿ ಹೇಳಿದ್ದಲ್ಲ. ಅದೂ ಅಲ್ಲದೆ ಪ್ಯಾಕೆಟ್ ಮೇಲೆ ‘ಪರ್ಮಿಟೆಡ್’ ಅಂತ ಮಾತ್ರ ಇತ್ತು, ಯಾವುದಕ್ಕೆ ಪರ್ಮಿಟ್ ಅಂತ ಇರಲೇ ಇಲ್ಲ.

ಹೆಬ್ರಿ ಕಡೆಯ ಹುಡಿ

ನಿಜವಾಗಿ ಸಸ್ಯದ ಬಣ್ಣ ಬೇಕು ಅನ್ನುವವರಿಗೆ ಏನಾದರೂ ಇಡಬೇಕು ಅಂತ ಧಣಿಗಳಿಗೆ ಆಸೆ. ಅಂಗಡಿಗೆ ಹಪ್ಪಳ, ಸಂಡಿಗೆ ಕೊಡುವ ಹೆಬ್ರಿ ಕಡೆಯ ಒಂದು ಸ್ವಸಹಾಯ ಗುಂಪಿನವರು ಮಾಡಿಕೊಡಲು ಒಪ್ಪಿದರು. ಮೂರು ಬಣ್ಣ, ಒಂದೊಂದರಲ್ಲಿ 50 ಪ್ಯಾಕೆಟ್.

ಹಳದಿಗೆ ಒಂದು ಕಿಲೋ ಕಾರ್ನ್‌ಫ್ಲೋರಿಗೆ 150 ಗ್ರಾಂ ಅರಿಶಿನ. ಅರಿಶಿನ ಕೊಂಬು ತಂದು ಮಿಲ್ಲಿನಲ್ಲಿ ಹುಡಿ ಮಾಡಿಸಿದ್ದು. ಬಿಡಿ ಹುಡಿ ಕೊಂಡರೆ ಅದರಲ್ಲೇ ಬೇರೆ ಬಣ್ಣ ಬೆರೆತಿರುವ ಸಾಧ್ಯತೆ ಇದೆ, ಆಗ ನಾವು ‘ಅರಿಶಿನ’ ಅಂತ ಬರೆದದ್ದೇ ಸುಳ್ಳಾಗುತ್ತದೆ. ಕಿತ್ತಳೆಗೆ ರಂಗಮಾಲೆ ಬೀಜ. ಮುಳ್ಳುಮುಳ್ಳು ಕಾಯಿಯೊಳಗೆ ಕೆಂಪು ಬೀಜ ಇರುತ್ತದಲ್ಲ, ಕೆಲವರು ಕುಂಕುಮ ಮರ ಅನ್ನುತ್ತಾರೆ, ಅದು. ಅದರ ಬಣ್ಣ ನೀರಿಗಿಂತ ಎಣ್ಣೆಗೆ ಚೆನ್ನಾಗಿ ಬಿಡುತ್ತದೆ. ಹಾಗಾಗಿ ಬೀಜಕ್ಕೆ ನಾಲ್ಕು ಹನಿ ತೆಂಗಿನೆಣ್ಣೆ ಹಾಕಿ ತಿಕ್ಕಿ, ಆಮೇಲೆ ಪಿಷ್ಟದಲ್ಲಿ ಹೊರಳಿಸಿ ಜರಡಿ ಹಿಡಿದರು. ಗುಲಾಬಿಗೆ ಬೀಟ್‌ರೂಟ್ ತುರಿದು, ಹಿಂಡಿ, ರಸವನ್ನು ಪಿಷ್ಟಕ್ಕೆ ಕಲಸಿ, ನೆರಳಲ್ಲಿ ಒಣಗಿಸಿದ್ದು. ಬಿಸಿಲಿಗೆ ಹಾಕಿದರೆ ಬೀಟ್‌ರೂಟ್ ಬಣ್ಣ ಮಾಸುತ್ತದೆ.

ಮೊದಲು ಅಕ್ಕಿಹಿಟ್ಟು ಹಾಕುವ ಅಂತ ಯೋಚನೆ ಇತ್ತು, ಅಗ್ಗ, ಮನೆಯಲ್ಲೇ ಇರುತ್ತದೆ. ಬೆರಳಲ್ಲಿ ತಿಕ್ಕಿ ನೋಡಿದಾಗ ತರಿತರಿಯಾಗಿತ್ತು. ಕೆನ್ನೆಗೆ ಉಜ್ಜಿದರೆ ಗೀರುತ್ತದೆ, ಕಣ್ಣಿಗೆ ಬಿದ್ದರೆ ಕೇಳುವುದೇ ಬೇಡ. ಅದನ್ನು ಬಿಟ್ಟೆವು. ಕಾರ್ನ್‌ಫ್ಲೋರನ್ನೂ ತೆಳು ಬಟ್ಟೆಯಲ್ಲಿ ಜಾಲಿಸಿಯೇ ತುಂಬಿಸಿದ್ದು.

ಹುಡಿ ಬಂದಾಗ ಧಣಿಗಳಿಗೆ ನಿರಾಸೆ. “ಇದೆಂತ ಇಷ್ಟು ಮಂಕು?” ಅಂದರು. ಗುಲಾಬಿ ಅಂದರೆ ತೀರಾ ತಿಳಿ, ಪೆಪ್ಪರ್‌ಮಿಂಟಿನ ಬಣ್ಣ. ಆ ಹೋಲ್‌ಸೇಲ್ ಗುಲಾಬಿಯ ಪಕ್ಕ ಇಟ್ಟರೆ ಇದು ಬಣ್ಣವೇ ಅಲ್ಲ ಅನಿಸುತ್ತದೆ. ಆದರೆ ಸಸ್ಯದ ಬಣ್ಣ ಇರುವುದೇ ಹಾಗೆ. ಕಣ್ಣು ಕುಕ್ಕುವ ಗುಲಾಬಿ, ರೇಡಿಯಮ್ ಹಸಿರು ಇವು ಗಿಡದಿಂದ ಹುಡಿಯಾಗಿ ಬರುವುದಿಲ್ಲ. ಈ ಮಂಕನ್ನು ಮುಚ್ಚಿಡುವ ಬದಲು ಬೋರ್ಡಿನಲ್ಲೇ ಬರೆಯೋಣ ಅಂದೆ.

ಮತ್ತೆ ಒಂದು ಕಷ್ಟ ಬಂತು, ಅದನ್ನು ನಾವು ಮೊದಲೇ ಊಹಿಸಬೇಕಿತ್ತು. ಬೀಟ್‌ರೂಟಿನಲ್ಲಿ ಸಕ್ಕರೆ ಇದೆ. ಮಾರ್ಚ್‌ನಲ್ಲಿ ನಮ್ಮ ಗಾಳಿಯಲ್ಲಿ ಎಷ್ಟು ಪಸೆ ಇರುತ್ತದೆ ಗೊತ್ತಲ್ಲ. ಐದಾರು ದಿನದಲ್ಲಿ 18 ಪ್ಯಾಕೆಟ್ ಗಟ್ಟಿಯಾಗಿ ಉಂಡೆ ಕಟ್ಟಿತು, ಎರಡಕ್ಕೆ ಇರುವೆ ಬಂತು. ಒಂದನ್ನು ಬಿಚ್ಚಿದಾಗ ಹುಳಿ ವಾಸನೆ. ಒಳಗೆ ಪೂರ್ತಿ ಒಣಗಿರಲಿಲ್ಲ ಅಂತ ಅರ್ಥ. ಬೂಸು ಹಿಡಿದ ಹುಡಿ ಮುಖಕ್ಕೆ ಹಚ್ಚಿದರೆ, ಉಸಿರಿನಲ್ಲಿ ಒಳಗೆ ಹೋದರೆ ತೊಂದರೆಯೇ, ಅದು ಎಷ್ಟೇ ನ್ಯಾಚುರಲ್ ಆಗಿರಲಿ. ಆ 18ನ್ನೂ ಎಸೆದೆವು. ನ್ಯಾಚುರಲ್ ಅನ್ನುವುದು ಒಂದು ಪ್ರಶ್ನೆ, ಚರ್ಮಕ್ಕೆ ಆಗುತ್ತದಾ ಅನ್ನುವುದು ಇನ್ನೊಂದು ಪ್ರಶ್ನೆ ಅಂತ ಧಣಿಗಳಿಗೆ ನಾನು ಎರಡು ದಿನದಿಂದ ಹೇಳುತ್ತಿದ್ದೆ. ಇರುವೆ ಹತ್ತಿದ ಪ್ಯಾಕೆಟ್ ನೋಡಿದ ಮೇಲೆ ಅವರೇ ಅದನ್ನು ಬೇರೆಯವರಿಗೆ ಹೇಳತೊಡಗಿದರು.

‘ಸುರಕ್ಷಿತ’ ಅನ್ನುವ ಪದ

ಬೋರ್ಡಿನಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ್ದು ‘ಸಂಪೂರ್ಣ ಸುರಕ್ಷಿತ’. ಅರಿಶಿನ ಕೂಡ ಅಪರೂಪಕ್ಕೆ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಅಲರ್ಜಿಯ ವಿಷಯದಲ್ಲಿ ಯಾವ ವಸ್ತುವಿಗೂ ಎಲ್ಲರ ಪರವಾಗಿ ಗ್ಯಾರಂಟಿ ಕೊಡಲು ಬರುವುದಿಲ್ಲ. ‘ಚರ್ಮರೋಗ ತಜ್ಞರಿಂದ ಪರೀಕ್ಷಿತ’ ಅಂತ ಕೆಲವು ಪ್ಯಾಕೆಟ್‌ಗಳಲ್ಲಿ ಇರುತ್ತದೆ, ಅದೂ ಪರೀಕ್ಷೆ ಆಯಿತು ಅಂತ ಹೇಳುತ್ತದೆಯೇ ಹೊರತು ಎಷ್ಟು ಜನರ ಮೇಲೆ, ಏನು ಬಂತು ಅಂತ ಹೇಳುವುದಿಲ್ಲ. ನಮ್ಮಲ್ಲಿ ಅದೂ ಇರಲಿಲ್ಲ.

ಹಾಗಾಗಿ ಆ ಪದ ತೆಗೆದು, ಜನ ತಾವೇ ನೋಡಿಕೊಳ್ಳುವ ದಾರಿ ಬರೆದೆವು. ಆಡುವ ಎರಡು ದಿನ ಮೊದಲೇ ಮೊಣಕೈಯ ಒಳಬದಿಗೆ ಸ್ವಲ್ಪ ಹಚ್ಚಿ, ಎರಡು ದಿನ ನೋಡಿ. ಐದು ನಿಮಿಷ ಹಚ್ಚಿ ‘ಏನೂ ಆಗಲಿಲ್ಲ’ ಅನ್ನುವುದರಲ್ಲಿ ಅರ್ಥ ಇಲ್ಲ. ಉರಿ ಬೇಗ ಗೊತ್ತಾಗುತ್ತದೆ, ಆದರೆ ಅಲರ್ಜಿಯ ಕೆಂಪು, ತುರಿಕೆ ಕಾಣಲು ಒಂದೆರಡು ದಿನ ಬೇಕಾಗಬಹುದು. ಅದಕ್ಕೇ ಸ್ಯಾಂಪಲ್ ಹುಡಿಯನ್ನು ಹಬ್ಬಕ್ಕೆ ನಾಲ್ಕು ದಿನ ಮೊದಲೇ ಕೌಂಟರಿನಲ್ಲಿ ಸಣ್ಣ ಕಾಗದದ ಪೊಟ್ಟಣದಲ್ಲಿ ಸುಮ್ನೆ ಕೊಟ್ಟೆವು. ಈ ಇಡೀ ಪ್ರಚಾರದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ಕೊಳ್ಳುವ ಮೊದಲೇ ಹಚ್ಚಿ ನೋಡಿ ಅನ್ನುವ ಅಂಗಡಿಯನ್ನು ಜನ ನಂಬುತ್ತಾರೆ, ಮತ್ತೆ ಆ ನಂಬಿಕೆಗೆ ಕಾರಣವೂ ಇರುತ್ತದೆ.

ಬೆಂಕಿಯ ಬಗ್ಗೆಯೂ ಒಂದು ಸಾಲು ಸೇರಿಸಿದೆ. ಪಿಷ್ಟದ ಹುಡಿ ಗಾಳಿಯಲ್ಲಿ ದಟ್ಟವಾಗಿ ಹರಡಿದಾಗ ಕಿಡಿ ತಾಗಿದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ. 2015ರ ಜೂನ್‌ನಲ್ಲಿ ತೈವಾನಿನ ಒಂದು ವಾಟರ್ ಪಾರ್ಕಿನಲ್ಲಿ ಬಣ್ಣದ ಕಾರ್ನ್‌ಸ್ಟಾರ್ಚ್ ಎರಚಿ ಕುಣಿಯುವಾಗ ಹೀಗೇ ಆಗಿ 15 ಜನ ತೀರಿಕೊಂಡರು. ನಮ್ಮಲ್ಲಿ ಕಾಮದಹನದ ಬೆಂಕಿ ಹತ್ತಿರವೇ ಮಕ್ಕಳು ಬಣ್ಣ ಹಿಡಿದುಕೊಂಡು ನಿಲ್ಲುತ್ತಾರೆ.

ಗುಜಿಯಾದ ತುಪ್ಪ

ಸಿಹಿಯ ಭಾಗ ಬೇಗ ಮುಗಿಯಿತು, ಆದರೆ ಅಲ್ಲೂ ಒಂದು ಪದ ಬಿತ್ತು. ಗುಜಿಯಾ ಅಂದರೆ ನಮ್ಮ ಕರ್ಜಿಕಾಯಿ, ಕೊಂಕಣಿಯವರ ನೇವ್ರಿ ಇದರ ತಂಗಿ ಇದ್ದ ಹಾಗೆ, ಒಳಗೆ ಖೋವಾ ಹೂರಣ. ಮಾಡಿಕೊಡುವ ಭಟ್ಟರಲ್ಲಿ ಕೇಳಿದೆ. “ಹೂರಣ ತುಪ್ಪದಲ್ಲೇ ಹುರಿಯುವುದು. ಕರಿಯುವುದು ಎಣ್ಣೆಯಲ್ಲಿ, ತುಪ್ಪದಲ್ಲಿ ಕರಿದರೆ ನೀವು ಈ ರೇಟಿಗೆ ಮಾರ್ಲಿಕ್ಕೆ ಆಗುದಿಲ್ಲ” ಅಂದರು. ನೇರವಾಗಿ ಹೇಳಿದರು, ನಾವೂ ಹಾಗೇ ಬರೆದೆವು.

ಬಿಡಿಯಾಗಿ ಮಾರುವ ಸ್ವೀಟಿಗೂ ಎಷ್ಟು ದಿನದೊಳಗೆ ತಿನ್ನಬೇಕು ಅಂತ ಟ್ರೇ ಹತ್ತಿರ ಬರೆದಿಡಬೇಕು, 2020ರ ಅಕ್ಟೋಬರ್ 1ರಿಂದ ಆ ನಿಯಮ ಇದೆ. ಖೋವಾ ಇರುವುದರಿಂದ ನಾವು ಮೂರು ದಿನ ಅಂತ ಹಾಕಿದೆವು. ಭಟ್ಟರು ಮಾರ್ಚ್ 12ಕ್ಕೆ ಒಮ್ಮೆ, 13ಕ್ಕೆ ಸಂಜೆ ಒಮ್ಮೆ, ಹೀಗೆ ಎರಡು ಸಲ ಮಾಡಿಕೊಟ್ಟರು, ಒಟ್ಟು 22 ಕಿಲೋ. ಗೋಡಂಬಿ, ಬಾದಾಮಿ ಇದೆ ಅಂತಲೂ ಬರೆದೆವು.

ಕಾಂಬೊ ಅಂತ ಮೊದಲು ಒಂದೇ ರಟ್ಟಿನ ಪೆಟ್ಟಿಗೆಯಲ್ಲಿ ಬಣ್ಣ, ಗುಜಿಯಾ ಎರಡೂ ಇಟ್ಟು ನೋಡಿದ್ದೆವು. ಒಂದು ರಾತ್ರಿ ಇಟ್ಟು ಬೆಳಿಗ್ಗೆ ಬಿಚ್ಚಿದರೆ ಸ್ವೀಟಿನ ಡಬ್ಬಿಯ ಮೇಲೆಲ್ಲ ಗುಲಾಬಿ ಹುಡಿ, ಗುಜಿಯಾ ಕಚ್ಚಿದರೆ ಗುಲಾಲಿನ ಸೆಂಟಿನ ವಾಸನೆ. ಖೋವಾ, ತುಪ್ಪ ಇವು ವಾಸನೆಯನ್ನು ಬೇಗ ಎಳೆದುಕೊಳ್ಳುತ್ತವೆ. ಆಮೇಲೆ ಎರಡಕ್ಕೂ ಬೇರೆ ಬೇರೆ ಚೀಲ, ಬಿಲ್ಲಿನಲ್ಲಿ ಮಾತ್ರ ಕಾಂಬೊ. ಮೂರು ಸಸ್ಯದ ಬಣ್ಣ 180, ಅರ್ಧ ಕಿಲೋ ಗುಜಿಯಾ 240, ಒಟ್ಟು 420 ಆಗುವುದನ್ನು 390ಕ್ಕೆ ಕೊಟ್ಟೆವು.

ಕೊನೆಗೆ ನಿಂತ ಬೋರ್ಡು

ಎರಡು ಬೋರ್ಡ್ ಆಯಿತು. ಸಸ್ಯದ ಬಣ್ಣದ್ದು ಹೀಗಿತ್ತು:

“ಅರಿಶಿನ, ರಂಗಮಾಲೆ, ಬೀಟ್‌ರೂಟ್ ಬಣ್ಣ. ಹುಡಿ ಕಾರ್ನ್‌ಫ್ಲೋರಿನದ್ದು, ಸೆಂಟ್ ಹಾಕಿಲ್ಲ. ಬಣ್ಣ ತಿಳಿಯಾಗಿರುತ್ತದೆ. ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿಲ್ಲ. ಸ್ಯಾಂಪಲ್ ಕೇಳಿ ಪಡೆಯಿರಿ, ಎರಡು ದಿನ ಮೊದಲೇ ಕೈಗೆ ಹಚ್ಚಿ ನೋಡಿ. ಕಣ್ಣಿಗೆ, ಬೆಂಕಿಯ ಹತ್ತಿರ ಎರಚಬೇಡಿ. 100 ಗ್ರಾಂ 60 ರೂಪಾಯಿ.”

ಇನ್ನೊಂದು:

“ಗುಲಾಲ್. ಮೆಕ್ಕೆಜೋಳದ ಪಿಷ್ಟ, ಕೃತಕ ಬಣ್ಣ, ಸೆಂಟ್. ಪ್ಯಾಕೆಟ್ ಮೇಲೆ ನ್ಯಾಚುರಲ್ ಅಂತ ಇದೆ, ಬಣ್ಣ ಸಸ್ಯದ್ದು ಅನ್ನುವುದಕ್ಕೆ ನಮ್ಮ ಬಳಿ ಆಧಾರ ಇಲ್ಲ. 100 ಗ್ರಾಂ 25 ರೂಪಾಯಿ.”

‘ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿಲ್ಲ’ ಅನ್ನುವ ಸಾಲಿಗೆ ಧಣಿಗಳು ಒಂದು ದಿನ ಪೂರ್ತಿ ಒಪ್ಪಲಿಲ್ಲ. “ಯಾರು ಬರೀತಾರೆ ಹೀಗೆ?” ಅಂದರು. ನಾನು ಹೇಳಿದ್ದು ಇಷ್ಟೇ: ಪ್ಯಾಕೆಟ್ ಮೇಲಿನ ಮಾತು ತಯಾರಕರದ್ದು, ಆದರೆ ಅಂಗಡಿಯ ಬೋರ್ಡಿನ ಮಾತು ನಿಮ್ಮದು. ಜನರನ್ನು ದಾರಿತಪ್ಪಿಸುವ ಜಾಹೀರಾತು ಅಂದರೆ ಏನು ಅಂತ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲೇ ಇದೆ, 2022ರ ಜೂನ್‌ನಲ್ಲಿ ಅದಕ್ಕೆ ಮಾರ್ಗಸೂಚಿಯೂ ಬಂದಿದೆ. ಕೊನೆಗೆ ಅವರ ಮಗಳು, “ಅಪ್ಪಾ, ಇದನ್ನು ಓದಿದವರಿಗೆ ಉಳಿದದ್ದೂ ನಿಜ ಅಂತ ಅನಿಸ್ತದೆ” ಅಂದಳು. ಸಾಲು ಉಳಿಯಿತು.

ಗುಲಾಲ್ 144ರಲ್ಲಿ 131 ಹೋಯಿತು. ವಿದ್ಯಾರ್ಥಿಗಳು ಬೋರ್ಡ್ ಓದಿ, ಕಡಿಮೆ ರೇಟು ನೋಡಿ, ಅದನ್ನೇ ತೆಗೆದುಕೊಂಡರು. ಅರಿಶಿನದ್ದು 50ಕ್ಕೆ 50, ಬೀಟ್‌ರೂಟಿನ ಉಳಿದ 32 ಪೂರ್ತಿ, ರಂಗಮಾಲೆ 41. ಗುಜಿಯಾ ಹತ್ತೊಂಬತ್ತೂವರೆ ಕಿಲೋ. ಎಸೆದದ್ದು, ವಾಪಸ್ ಕಳಿಸಿದ್ದು ಎಲ್ಲ ಲೆಕ್ಕ ಹಾಕಿದರೆ ಹಿಂದಿನ ವರ್ಷಕ್ಕಿಂತ ಲಾಭ ತುಸು ಕಡಿಮೆಯೇ. ಅದನ್ನು ಮುಚ್ಚಿಡುವ ಅಗತ್ಯ ಇಲ್ಲ.

ಹಬ್ಬದ ನಂತರ ಬಂದ ಇಬ್ಬರು

ಶನಿವಾರ ಬೆಳಿಗ್ಗೆ ಒಬ್ಬರು ಬಿಳಿ ಅಂಗಿ ಹಿಡಿದುಕೊಂಡು ಬಂದರು. ಸಿಟ್ಟಿನಲ್ಲಿದ್ದರು. ಅರಿಶಿನದ ಹಳದಿ ಅಂಗಿಗೆ ಹತ್ತಿತ್ತು, ಸೋಪು ಹಾಕಿ ತಿಕ್ಕಿದ ಕೂಡಲೇ ರಕ್ತದ ಹಾಗೆ ಕೆಂಪಾಯಿತಂತೆ. “ಅರಿಶಿನ ಅಂತ ಹೇಳಿ ಕೆಮಿಕಲ್ ಕೊಟ್ಟಿದ್ದೀರಿ” ಅಂದರು. ಧಣಿಗಳು ಮಾತಾಡಲಿಲ್ಲ, ಅಡುಗೆಯ ಅರಿಶಿನದ ಪ್ಯಾಕೆಟ್ ಒಂದನ್ನು ಒಡೆದು, ಅಂಗೈಯಲ್ಲಿ ಒದ್ದೆ ಮಾಡಿ, ಬಟ್ಟೆ ಸೋಪು ತಾಗಿಸಿ ತೋರಿಸಿದರು. ಅದೂ ಕೆಂಪಾಯಿತು. ಬಟ್ಟೆ ಸೋಪಿನಲ್ಲಿ ಕ್ಷಾರ ಇರುತ್ತದೆ, ಸುಣ್ಣದಂತೆಯೇ ಅದೂ ಅರಿಶಿನವನ್ನು ಕೆಂಪು ಮಾಡುತ್ತದೆ. ಚೆನ್ನಾಗಿ ನೀರಿನಲ್ಲಿ ತೊಳೆದು, ಸ್ವಲ್ಪ ಲಿಂಬೆರಸ ಹಿಂಡಿದರೆ ಮತ್ತೆ ಹಳದಿಯಾಗುತ್ತದೆ, ಎರಡು ಮೂರು ದಿನ ಒಳ್ಳೆಯ ಬಿಸಿಲಿಗೆ ಹಾಕಿದರೆ ಆ ಹಳದಿಯೂ ಮಾಸುತ್ತದೆ. ಅವರು ಸಮಾಧಾನವಾಗಿ ಹೋದರು. ಆದರೆ ಇದು ಬೋರ್ಡಿನಲ್ಲಿ ಇರಬೇಕಿತ್ತು, ನಮ್ಮ ತಪ್ಪು.

ಇನ್ನೊಬ್ಬರು ಒಬ್ಬ ತಾಯಿ. ಮಗನ ಕುತ್ತಿಗೆಯಲ್ಲಿ ಕೆಂಪು ಗಂದೆ. ಅವರು ಎರಡೂ ಬಗೆಯ ಬಣ್ಣ ನಮ್ಮಿಂದ ಕೊಂಡಿದ್ದರು, ಅಪಾರ್ಟ್‌ಮೆಂಟಿನಲ್ಲಿ ಬೇರೆಯವರು ತಂದದ್ದೂ ಹಚ್ಚಿದ್ದರು. ಸ್ಯಾಂಪಲ್ ಹಚ್ಚಿ ನೋಡಿರಲಿಲ್ಲ. ಯಾವುದರಿಂದ ಬಂತು ಅಂತ ಹೇಳಲು ಸಾಧ್ಯವೇ ಇರಲಿಲ್ಲ. ‘ನಮ್ಮದರಿಂದ ಅಲ್ಲ’ ಅನ್ನುವ ಮಾತು ಧಣಿಗಳ ಬಾಯಿಗೆ ಬಂದದ್ದು ನಾನು ನೋಡಿದೆ, ಅವರು ಅದನ್ನು ನುಂಗಿಕೊಂಡರು. ಬಣ್ಣದ ಹಣ ವಾಪಸ್ ಕೊಟ್ಟು, “ತಿಕ್ಕಬೇಡಿ ಅಕ್ಕ, ಬರೀ ನೀರಲ್ಲಿ ತೊಳೆದು ಇವತ್ತೇ ಡಾಕ್ಟರಿಗೆ ತೋರಿಸಿ, ಪ್ಯಾಕೆಟ್ ಎರಡೂ ತೆಗೆದುಕೊಂಡು ಹೋಗಿ” ಅಂದರು. ಎರಡು ದಿನದಲ್ಲಿ ಕಡಿಮೆಯಾಯಿತು ಅಂತ ಅವರೇ ಬಂದು ಹೇಳಿದರು.

ಉಳಿದ ಒಂಬತ್ತು ರಂಗಮಾಲೆ ಪ್ಯಾಕೆಟ್‌ಗಳನ್ನು ಮುಂದಿನ ವರ್ಷಕ್ಕೆ ಇಡಲಿಲ್ಲ. ಎಣ್ಣೆ ತಾಗಿದ ಹುಡಿ, ಮಳೆಗಾಲ ಕಳೆಯುವಷ್ಟರಲ್ಲಿ ಕಮಟುತ್ತದೆ. ಹೆಬ್ರಿಯವರಿಗೆ ಈಗಲೇ ಹೇಳಿ ಇಟ್ಟಿದ್ದೇವೆ: ಬೀಟ್‌ರೂಟ್ ರಸ ಬೇಡ, ಹೋಳು ಮಾಡಿ ಗರಿಗರಿಯಾಗಿ ಒಣಗಿಸಿ, ಹುಡಿ ಮಾಡಿಯೇ ಬೆರೆಸಿ. ಪ್ಯಾಕೆಟ್ ಮೇಲೆ ತಯಾರಿಸಿದ ತಾರೀಕು, ನಿಮ್ಮ ವಿಳಾಸ ಹಾಕಿ. ಬೋರ್ಡಿನ ಹಲಗೆಯಲ್ಲಿ ಒಂದು ಸಾಲಿಗೆ ಜಾಗ ಬಿಟ್ಟಿದ್ದೇನೆ: “ಅರಿಶಿನದ ಕಲೆಗೆ ಸೋಪು ತಾಗಿದರೆ ಕೆಂಪಾಗುತ್ತದೆ, ಹೆದರಬೇಡಿ, ಬಿಸಿಲಿಗೆ ಹಾಕಿ.”